ದವಾಖಾನೆಗೆ ಹೋಗಲಿಲ್ಲ, ಈಗ ಗೆಳೆಯನ ಮನೆಗೆ ಹೋಗುವುದು ಹೇಗೆ?

ಗೆಳೆಯ ದವಾಖಾನೆಯಲ್ಲಿದ್ದಾಗ ನೀವು ಹೋಗಲಿಲ್ಲ. ಈಗ ಅವನು ಮನೆಗೆ ಬಂದಿದ್ದಾನೆ. ನಿಮಗೆ ಫೋನ್ ಮಾಡಲೂ ಮುಜುಗರ, ಅಲ್ವಾ? ನಾನೂ ಇದೇ ತಪ್ಪು ಮಾಡಿದವನು. ಗದಗಿನ ನನ್ನ ಗೆಳೆಯ ಬೈಕಿನಿಂದ ಬಿದ್ದು ಮೊಣಕಾಲಿನ ಕೆಳಗಿನ ಎಲುಬು ಮುರಿದುಕೊಂಡ. ಹುಬ್ಬಳ್ಳಿಯಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. ಎಂಟು ದಿನ ಅಲ್ಲೇ ಇದ್ದ. ನಾನಿರುವುದು ಧಾರವಾಡದಲ್ಲಿ. ಚಿಗರಿ ಬಸ್ ಹತ್ತಿದ್ದರೆ ಆಗುತ್ತಿತ್ತು. ಮೊದಲ ಎರಡು ದಿನ ಆಫೀಸಿನ ಕೆಲಸ ಅಡ್ಡ ಬಂತು. ಆಮೇಲೆ ಅಡ್ಡ ಬಂದಿದ್ದು ನಾಚಿಕೆ. ಇಷ್ಟು ದಿನ ಬಿಟ್ಟು ಈಗ ಯಾವ ಮುಖ ಇಟ್ಟುಕೊಂಡು ಹೋಗಲಿ ಅಂತ ಕೂತೆ. ಒಂದೊಂದು ದಿನ ಕಳೆದಂತೆ ಹೋಗುವುದು ಇನ್ನೂ ಕಷ್ಟವಾಯಿತು.

ಮೊದಲು ಫೋನ್, ಎರಡೇ ನಿಮಿಷ

ವಾಟ್ಸಾಪಿನಲ್ಲಿ ಉದ್ದದ ಸಂದೇಶ ಬರೆಯಬೇಡಿ. ಅದನ್ನು ಓದಿ ಉತ್ತರ ಕೊಡುವ ಕೆಲಸ ಅವನ ತಲೆಗೆ ಬೀಳುತ್ತದೆ. ಫೋನ್ ಮಾಡಿ, 'ನಾ ಬರಬೇಕಾಗಿತ್ತು, ಬರಲಿಲ್ಲ. ತಪ್ಪಾತು. ರವಿವಾರ ಮನಿಗೆ ಬರ್ತೀನಿ' ಅನ್ನಿ. ಅಷ್ಟು ಸಾಕು. ಆಡಿಟ್ ಇತ್ತು, ಮಗನಿಗೆ ಜ್ವರ ಇತ್ತು ಎಂದು ಪಟ್ಟಿ ಕೊಡುತ್ತಾ ಹೋದರೆ, ಪಾಪ, ಅವನೇ 'ಇರ್ಲಿ ಬಿಡೋ' ಎಂದು ನಿಮಗೆ ಸಮಾಧಾನ ಹೇಳಬೇಕಾಗುತ್ತದೆ. ಕಾರಣ ಕೇಳಿದರೆ ಮಾತ್ರ ಹೇಳಿ, ಒಂದೇ ಹೇಳಿ, ನಿಜವಾದದ್ದನ್ನೇ ಹೇಳಿ. 'ನೀನಾದ್ರೂ ಒಂದು ಮಾತು ತಿಳಿಸಲಿಲ್ಲ' ಅನ್ನುವುದಂತೂ ಬೇಡವೇ ಬೇಡ.

ಮನೆಯಲ್ಲಿ

ನಮ್ಮ ಕಡೆ ಸಿಟ್ಟು ಅಳೆಯಲು ಒಂದು ಒಳ್ಳೇ ಅಳತೆ ಇದೆ. ಗೆಳೆಯ 'ಲೇ, ಇದ್ದೀಯೋ ಸತ್ತೀಯೋ' ಎಂದು ಬೈದರೆ ಅರ್ಧ ಕೆಲಸ ಆಯಿತು ಅಂತ ತಿಳಿಯಿರಿ. ಚಡ್ಡಿ ದೋಸ್ತ ಆದವನು 'ಬರ್ರಿ, ಕೂಡ್ರಿ, ಚಹಾ ತೊಗೊಳ್ರಿ' ಎಂದು ಮರ್ಯಾದೆ ಕೊಟ್ಟನೋ, ಗಾಯ ಆಳ ಇದೆ. ನನಗೆ ಸಿಕ್ಕಿದ್ದು ಈ ಮರ್ಯಾದೆಯೇ. ಆಗ ವಾದ ಮಾಡಬಾರದು, ನಗಿಸಲೂ ಹೋಗಬಾರದು. ಚಹಾ ಕುಡಿದು, ಕಾಲು ಹೇಗಿದೆ ಅಂತ ಕೇಳಿ, ಅವನು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಳ್ಳಬೇಕು.

ಬಹಳ ಜನ ಮರೆಯುವುದು ಅವನ ಹೆಂಡತಿಯನ್ನು. ರಾತ್ರಿಯಿಡೀ ವಾರ್ಡಿನಲ್ಲಿ ಕೂತವರು ಅವರು. ಯಾರು ಬಂದರು, ಯಾರು ಬರಲಿಲ್ಲ ಅನ್ನುವ ಲೆಕ್ಕ ಗೆಳೆಯನಿಗಿಂತ ಅವರಿಗೇ ಚೆನ್ನಾಗಿ ನೆನಪಿರುತ್ತದೆ. ನಾನು ಅಡುಗೆಮನೆ ಬಾಗಿಲಲ್ಲಿ ನಿಂತು 'ವೈನಿ, ನಿಮಗ ಒಂದಿನ ಆಸರ ಆಗಬೇಕಿತ್ತು, ಆಗಲಿಲ್ಲ' ಅಂದೆ. ಅವರು 'ಮೂರು ರಾತ್ರಿ ನಿದ್ದಿ ಇರಲಿಲ್ರೀ' ಅಂದರು, ಅಷ್ಟೇ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಕೈಯಲ್ಲಿ ಏನು ಒಯ್ಯಬೇಕು? ಹಣ್ಣು ಸಾಕು. ಸಿಗರೇಟ್ ತಂದುಕೊಡು ಅಂತ ಅವನು ಗುಟ್ಟಾಗಿ ಕೇಳಬಹುದು, ಕೊಡಬೇಡಿ. ಸೇದುವವರ ಎಲುಬು ಕೂಡಲು ಜಾಸ್ತಿ ದಿನ ಹಿಡಿಯುತ್ತದೆ.

ಆಮೇಲಿನ ಕೆಲಸ

ತಪ್ಪು ತೀರಿಸುವುದು ಇಲ್ಲಿ. ದವಾಖಾನೆಯಲ್ಲಿದ್ದಾಗ ಮತ್ತು ಮನೆಗೆ ಬಂದ ಮೊದಲ ವಾರ ಮಂದಿ ಸಾಲುಗಟ್ಟಿ ಬರುತ್ತಾರೆ. ಮೂರನೇ ವಾರದ ಹೊತ್ತಿಗೆ ಒಬ್ಬರೂ ಇರುವುದಿಲ್ಲ. ಆದರೆ ಎಲುಬು ಕೂಡಲು ತಿಂಗಳುಗಳೇ ಬೇಕು. ಡಾಕ್ಟರ್ ಹೇಳುವ ತನಕ ಆ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ಕಟಿಂಗ್ ಮಾಡಿಸಿಕೊಳ್ಳಲೂ ಹೊರಗೆ ಹೋಗಲಾಗದು. ಹಾಗಾಗಿ ತಡವಾಗಿ ಬಂದವನಿಗೆ ಜಾಗ ಖಾಲಿಯೇ ಇರುತ್ತದೆ.

'ಏನಾರ ಬೇಕಾದ್ರ ಹೇಳು' ಅನ್ನಬೇಡಿ, ಯಾರೂ ಹೇಳುವುದಿಲ್ಲ. ಡಿಸ್ಚಾರ್ಜ್ ಕಾರ್ಡ್ ಕೇಳಿ ನೋಡಿ. ಮುಂದೆ ಯಾವಾಗ ತೋರಿಸಬೇಕು ಅಂತ ಅದರಲ್ಲಿ ಬರೆದಿರುತ್ತದೆ. ನನ್ನ ಗೆಳೆಯನಿಗೆ ಆರು ವಾರಕ್ಕೆ ಎಕ್ಸ್‌ರೇ ಇತ್ತು. 'ಅವತ್ತು ನಾ ಕಾರು ತರ್ತೀನಿ' ಅಂದೆ. ಅವನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ.

ಅವತ್ತು ರಜೆ ಹಾಕಿ, ನಸುಕಿನಲ್ಲೇ ಗದಗಿಗೆ ಹೊರಟೆ. ಅವನನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಕೂರಿಸಿ, ಕಾಲ ಕೆಳಗೆ ದಿಂಬು ಕೊಟ್ಟೆವು. ಹಳೆಯ ಎಕ್ಸ್‌ರೇ ಫಿಲ್ಮ್, ಕಾರ್ಡ್, ಗುಳಿಗೆಯ ಚೀಟಿ ಒಂದೇ ಚೀಲದಲ್ಲಿ ಇಟ್ಟುಕೊಂಡೆ. ಹೊಸ ಫಿಲ್ಮಿನ ಪಕ್ಕದಲ್ಲಿ ಹಳೆಯದನ್ನೂ ಇಟ್ಟು ನೋಡಿದರೆ ಎಲುಬು ಎಷ್ಟು ಕೂಡಿದೆ ಅಂತ ಡಾಕ್ಟರ್‌ಗೆ ಚೆನ್ನಾಗಿ ಗೊತ್ತಾಗುತ್ತದೆ. ಹುಬ್ಬಳ್ಳಿಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ನಾನೇ ನಿಂತೆ. ವೈನಿಗೆ ಬರುವುದು ಬೇಡ ಅಂದಿದ್ದೆ. ಅವರು ಅವತ್ತು ಮನೆಯಲ್ಲಿ ಮಲಗಿದರಂತೆ.

ವಾಪಸ್ ಬರುವಾಗ ಅಣ್ಣಿಗೇರಿಯಲ್ಲಿ ಚಹಾಕ್ಕೆ ನಿಲ್ಲಿಸಿದೆ. ಹಿಂದಿನ ಸೀಟಿನಿಂದ ಧ್ವನಿ ಬಂತು: 'ಲೇ, ಮಿರ್ಚಿನೂ ತೊಗೊಂಬಾ. ರೊಕ್ಕಾ ನೀನ ಕೊಡು.'