ಸರಾಸರಿ ಇಳುವರಿಗೊಂದು ಅಂತರ, ಒಂದು ಹೊಲದ ಇಳುವರಿಗೊಂದು ಅಂತರ

ಚಳ್ಳಕೆರೆ ಸೀಮೆಯ ಮಳೆಯಾಶ್ರಿತ ಹೊಲದಲ್ಲಿ ಬಿತ್ತನೆಯಿಂದ ಕೀಳುವವರೆಗೆ 340 ಮಿಲಿಮೀಟರ್ ಮಳೆಯಾದರೆ ಎಕರೆಗೆ ಎಷ್ಟು ಕ್ವಿಂಟಲ್ ಶೇಂಗಾ ನಿರೀಕ್ಷಿಸಬಹುದು? ಈ ಪ್ರಶ್ನೆಯೊಳಗೆ ಎರಡು ಪ್ರಶ್ನೆಗಳು ಅಡಗಿವೆ. ಅಷ್ಟು ಮಳೆ ಕಂಡ ಎಲ್ಲ ಹೊಲಗಳ ಸರಾಸರಿ ಇಳುವರಿ ಎಷ್ಟು ಎಂಬುದು ಮೊದಲನೆಯದು. ಅಷ್ಟೇ ಮಳೆ ಕಂಡ, ನಾವಿನ್ನೂ ಅಳೆಯದ ಒಂದು ಹೊಲ ಎಷ್ಟು ಕೊಟ್ಟೀತು ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ವಿಶ್ವಾಸ ಅಂತರ, ಎರಡನೆಯದಕ್ಕೆ ಮುನ್ಸೂಚನಾ ಅಂತರ. ಎರಡೂ ಅಂತರಗಳ ನಟ್ಟನಡುವಿನ ಅಂಕಿ ಒಂದೇ ಆಗಿದ್ದರೂ ಅದರ ಆಚೀಚೆ ಬಿಡಬೇಕಾದ ಜಾಗ ಒಂದೇ ಅಲ್ಲ.

ಲೆಕ್ಕ ತೋರಿಸುವ ಸಲುವಾಗಿ ಹತ್ತು ಊರುಗಳಿಂದ ಒಂದೊಂದು ಹೊಲವನ್ನು ಕಲ್ಪಿಸಿಕೊಳ್ಳೋಣ. ಈ ಅಂಕಿಗಳು ಯಾವ ಸಮೀಕ್ಷೆಯವೂ ಅಲ್ಲ. ಮಳೆ ಮಿಲಿಮೀಟರಿನಲ್ಲೂ ಇಳುವರಿ ಎಕರೆಗೆ ಕ್ವಿಂಟಲಿನಲ್ಲೂ ಇದೆ. ಕೈಯಲ್ಲಿ ಲೆಕ್ಕ ಹಾಕುವವರು ಹಾಕಬಹುದು, ಕಂಪ್ಯೂಟರ್ ಇರುವವರು R ತಂತ್ರಾಂಶದಲ್ಲಿ ಹೀಗೆ ಬರೆಯಬಹುದು:

```r
male <- c(200,220,240,260,280,320,340,360,380,400)
iluvari <- c(4.1,2.9,4.6,5.3,3.9,4.4,6.2,4.9,6.6,7.1)
m <- lm(iluvari ~ male)
hosa <- data.frame(male = 340)
predict(m, hosa, interval = "confidence")
predict(m, hosa, interval = "prediction")
```

ಮೊದಲ ಹಂತದಲ್ಲಿ ರೇಖೆಯನ್ನು ಹೊಂದಿಸಬೇಕು. ಮಳೆಯ ಸರಾಸರಿ 300, ಇಳುವರಿಯ ಸರಾಸರಿ 5.0. ಕನಿಷ್ಠ ವರ್ಗಗಳ ವಿಧಾನದಲ್ಲಿ ಬರುವ ರೇಖೆಯ ಪ್ರಕಾರ ಇಳುವರಿ ಎಂದರೆ 0.5 ಕ್ಕೆ ಮಳೆಯ 0.015 ಪಟ್ಟನ್ನು ಕೂಡಿದ್ದು. 340 ಮಿಲಿಮೀಟರಿಗೆ ಅದು 5.6 ಕ್ವಿಂಟಲ್ ಆಗುತ್ತದೆ.

ಎರಡನೆಯ ಹಂತದಲ್ಲಿ ಪ್ರತಿ ಹೊಲವೂ ರೇಖೆಯಿಂದ ಎಷ್ಟು ದೂರ ಇದೆ ಎಂಬುದನ್ನು ಬರೆದುಕೊಳ್ಳಬೇಕು. ಈ ಉಳಿಕೆಗಳ ವರ್ಗಗಳನ್ನು ಕೂಡಿದರೆ 5.56 ಬರುತ್ತದೆ. ರೇಖೆಯ ಎರಡು ಅಂಕಿಗಳನ್ನು ಇದೇ ದತ್ತಾಂಶದಿಂದ ಪಡೆದಿರುವುದರಿಂದ ಹತ್ತರಿಂದಲ್ಲ, ಎಂಟರಿಂದ ಭಾಗಿಸಬೇಕು. ಆಗ ಸಿಗುವುದು 0.695. ಒಂದೇ ಪ್ರಮಾಣದ ಮಳೆ ಬಿದ್ದರೂ ಮಣ್ಣಿನ ಆಳ, ಬಿತ್ತಿದ ದಿನ, ಬೀಜ, ಕೀಟಬಾಧೆ, ಕಳೆ ತೆಗೆದ ರೀತಿ ಮುಂತಾದ ಕಾರಣಗಳಿಂದ ಹೊಲಹೊಲಕ್ಕೂ ಇರುವ ಏರಿಳಿತದ ಅಳತೆ ಇದು. ಮುಂದಿನ ಮಾತೆಲ್ಲ ಈ ಒಂದು ಅಂಕಿಯ ಸುತ್ತಲೇ ನಡೆಯುತ್ತದೆ.

ಮೂರನೆಯದು, ರೇಖೆಯ ಮೇಲಿನ 5.6 ಎಂಬ ಬಿಂದುವೇ ಎಷ್ಟು ಅಲುಗಾಡಬಹುದು ಎಂಬ ಲೆಕ್ಕ. ಬೇರೆ ಹತ್ತು ಹೊಲಗಳನ್ನು ಆರಿಸಿದ್ದರೆ ರೇಖೆ ತುಸು ಮೇಲಕ್ಕೋ ಕೆಳಕ್ಕೋ ಹೋಗುತ್ತಿತ್ತು, ಅದರ ಇಳಿಜಾರೂ ಬದಲಾಗುತ್ತಿತ್ತು. ಮೊದಲನೆಯ ಅಲುಗಾಟಕ್ಕೆ ಹತ್ತರಲ್ಲೊಂದು ಪಾಲು, ಅಂದರೆ 0.1. ಎರಡನೆಯದಕ್ಕೆ, 340 ಎಂಬುದು ಸರಾಸರಿ ಮಳೆಯಿಂದ ಇರುವ ದೂರದ ವರ್ಗವಾದ 1600 ನ್ನು ಹತ್ತೂ ಊರುಗಳ ಅಂಥ ದೂರಗಳ ವರ್ಗಗಳ ಮೊತ್ತವಾದ 44,000 ದಿಂದ ಭಾಗಿಸಿದರೆ 0.036. ಇವೆರಡನ್ನೂ ಕೂಡಿ 0.695 ರಿಂದ ಗುಣಿಸಿದರೆ ಸುಮಾರು 0.095 ಬರುತ್ತದೆ. ಇದರ ವರ್ಗಮೂಲ 0.308. ನೂರಕ್ಕೆ 95 ಬಾರಿ ಸರಿಬರುವ ಅಂತರ ಬೇಕೆಂದರೆ, ನಾವು ಭಾಗಿಸಿದ ಎಂಟಕ್ಕೆ t ಕೋಷ್ಟಕದಲ್ಲಿರುವ ಬೆಲೆ 2.306, ಅದರಿಂದ ಗುಣಿಸಿದರೆ 0.71. ಹಾಗಾಗಿ ಸರಾಸರಿ ಇಳುವರಿಯ ವಿಶ್ವಾಸ ಅಂತರ 4.89 ರಿಂದ 6.31 ಕ್ವಿಂಟಲ್.

ನಾಲ್ಕನೆಯ ಹಂತದಲ್ಲಿ ಒಂದು ಹೊಸ ಹೊಲದ ಮಾತು ಬರುತ್ತದೆ. ನಾವು ಹೇಳಿದ 5.6 ಕ್ಕೂ ಆ ಹೊಲ ನಿಜವಾಗಿ ಕೊಡುವ ಇಳುವರಿಗೂ ಇರುವ ವ್ಯತ್ಯಾಸದಲ್ಲಿ ಎರಡು ತುಂಡುಗಳಿವೆ: ನಮ್ಮ ರೇಖೆ ನಿಜವಾದ ಸರಾಸರಿಯಿಂದ ತಪ್ಪಿರುವ ಪ್ರಮಾಣ ಒಂದು, ಆ ಹೊಲ ನಿಜವಾದ ಸರಾಸರಿಯಿಂದ ದೂರ ಸರಿದಿರುವ ಪ್ರಮಾಣ ಇನ್ನೊಂದು. ಹೊಸ ಹೊಲ ನಮ್ಮ ಹತ್ತರಲ್ಲಿ ಇಲ್ಲದ ಕಾರಣ ಈ ಎರಡು ತಪ್ಪುಗಳಿಗೆ ಪರಸ್ಪರ ಸಂಬಂಧವಿಲ್ಲ. ಆದ್ದರಿಂದ ಅವುಗಳ ವರ್ಗದ ಅಳತೆಗಳನ್ನು ನೇರವಾಗಿ ಕೂಡಬಹುದು. 0.095 ಕ್ಕೆ 0.695 ಸೇರಿದರೆ 0.790, ವರ್ಗಮೂಲ 0.889, ಅದನ್ನು 2.306 ರಿಂದ ಗುಣಿಸಿದರೆ 2.05. ಮುನ್ಸೂಚನಾ ಅಂತರ 3.55 ರಿಂದ 7.65 ಕ್ವಿಂಟಲ್, ಮೊದಲಿನದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಕೂಡಬೇಕಾದದ್ದು ವರ್ಗಮೂಲ ತೆಗೆಯುವ ಮುಂಚಿನ ಅಂಕಿಗಳನ್ನು ಎಂಬುದನ್ನು ಗಮನಿಸಬೇಕು. ವರ್ಗಮೂಲಗಳನ್ನು ಕೂಡಿದರೆ ಅಂತರ ಅನಗತ್ಯವಾಗಿ ಹಿಗ್ಗುತ್ತದೆ.

ಅಗಲದ ಕಾರಣ ಇಷ್ಟೇ: 0.790 ರಲ್ಲಿ ನಮ್ಮ ತಿಳಿವಳಿಕೆಯ ಕೊರತೆಯ ಪಾಲು ತೀರಾ ಚಿಕ್ಕದು, ಉಳಿದದ್ದು ಹೊಲಗಳ ಸ್ವಂತ ಏರಿಳಿತ. ಪ್ರತಿ ಮಳೆ ಪ್ರಮಾಣಕ್ಕೂ ನಾಲ್ಕು ನಾಲ್ಕು ಹೊಲದಂತೆ ನಲವತ್ತು ಹೊಲ ಅಳೆದು, 0.695 ಹಾಗೆಯೇ ಉಳಿಯಿತು ಎಂದುಕೊಳ್ಳೋಣ. t ಬೆಲೆಯೂ ತುಸು ಇಳಿಯುವುದರಿಂದ ವಿಶ್ವಾಸ ಅಂತರದ ಒಂದು ಬದಿ 0.71 ರಿಂದ 0.31 ಕ್ಕೆ ಇಳಿಯುತ್ತದೆ, ಮುನ್ಸೂಚನಾ ಅಂತರದ್ದು 2.05 ರಿಂದ 1.72 ಕ್ಕೆ ಮಾತ್ರ. ಸಾವಿರಾರು ಹೊಲ ಅಳೆದರೂ ಎರಡನೆಯದು 1.63 ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದನ್ನು ಇನ್ನೂ ಕಿರಿದಾಗಿಸಬೇಕಾದರೆ ಹೆಚ್ಚು ಹೊಲ ಅಳೆಯುವುದಕ್ಕಿಂತ ಮಣ್ಣಿನ ಆಳ, ಬಿತ್ತನೆ ದಿನ ಮುಂತಾದವನ್ನೂ ಲೆಕ್ಕಕ್ಕೆ ತಂದು ಉಳಿಕೆಗಳನ್ನೇ ಕುಗ್ಗಿಸಬೇಕು.

ಯಾವ ಅಂತರ ಯಾರಿಗೆ ಬೇಕು ಎಂಬಲ್ಲಿ ಎಡವುವವರೇ ಹೆಚ್ಚು. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಇಳುವರಿ ನಷ್ಟದ ಪರಿಹಾರ ನಿರ್ಧಾರವಾಗುವುದು ವಿಮಾ ಘಟಕದ ಸರಾಸರಿ ಇಳುವರಿಯ ಮೇಲೆ, ಆ ಸರಾಸರಿಗೆ ಬೆಳೆ ಕಟಾವು ಪ್ರಯೋಗಗಳು ಮುಖ್ಯ ಆಧಾರ. ಅಲ್ಲಿನ ಪ್ರಶ್ನೆ ಸರಾಸರಿಯ ಜಾತಿಯದು. ಸಾಲ ತೀರಿಸಲು ತನ್ನ ಒಂದೇ ಹೊಲವನ್ನು ನೆಚ್ಚಿರುವ ರೈತರಿಗೆ ಬೇಕಾದದ್ದು ಮುನ್ಸೂಚನಾ ಅಂತರ. ಅವರಿಗೆ 4.89 ಕ್ಕಿಂತ ಕಡಿಮೆಯಾಗದು ಎಂದು ಹೇಳಿದರೆ ಅದು ತಪ್ಪು ಭರವಸೆ. ಅಷ್ಟೇ ಮಳೆ ಕಂಡ ಇಪ್ಪತ್ತೈದು ಬೇರೆ ಬೇರೆ ಹೊಲಗಳ ಕಾಯಿ ಖರೀದಿಸುವ ವರ್ತಕರ ಸ್ಥಿತಿ ಇವೆರಡರ ನಡುವಿನದು: ನಾಲ್ಕನೆಯ ಹಂತದಲ್ಲಿ 0.695 ರ ಬದಲು ಅದರ ಇಪ್ಪತ್ತೈದನೇ ಒಂದು ಪಾಲನ್ನು ಸೇರಿಸಿದರೆ, ಆ ಹೊಲಗಳ ಸರಾಸರಿಗೆ ಆಚೀಚೆ 0.81 ಕ್ವಿಂಟಲ್ ಸಾಕು.

ವರದಿಯಲ್ಲಿ ರೇಖೆಯ ಸುತ್ತ ಬಣ್ಣದ ಪಟ್ಟಿ ಎಳೆದಿದ್ದು, ಅದು ಯಾವ ಅಂತರ ಎಂದು ಬರೆದಿಲ್ಲದಿದ್ದರೆ ಚುಕ್ಕೆಗಳನ್ನು ಎಣಿಸಿ ನೋಡಬೇಕು. ನಮ್ಮ ಹತ್ತು ಹೊಲಗಳಲ್ಲಿ ನಾಲ್ಕು ವಿಶ್ವಾಸ ಅಂತರದ ಪಟ್ಟಿಯ ಹೊರಗಿವೆ, ಹತ್ತೂ ಮುನ್ಸೂಚನಾ ಪಟ್ಟಿಯ ಒಳಗಿವೆ. ಹೊರಗಿರುವ ನಾಲ್ಕು ಹೊಲಗಳಲ್ಲಿ ದೋಷವೇನೂ ಇಲ್ಲ. ಅವನ್ನು ಒಳಗೊಳ್ಳುವುದು ಆ ಪಟ್ಟಿಯ ಕೆಲಸವೇ ಅಲ್ಲ. R ನಲ್ಲಿ ಚಿತ್ರ ಬರೆಯಲು ಬಳಸುವ ggplot2 ದಲ್ಲಿ geom_smooth ತಾನಾಗಿ ಎಳೆಯುವ ಬೂದು ಪಟ್ಟಿಯೂ ಸರಾಸರಿಯದೇ. ಆಕಾರದಿಂದಲೂ ಗುರುತು ಹಿಡಿಯಬಹುದು. ಮಳೆ 300 ರಿಂದ 400 ಕ್ಕೆ ಸರಿದಾಗ ವಿಶ್ವಾಸ ಅಂತರದ ಬದಿ 0.61 ರಿಂದ 1.10 ಕ್ಕೆ ಬೆಳೆದು ಪಟ್ಟಿಯ ನಡು ಕಿರಿದಾಗಿ ಕಾಣುತ್ತದೆ. ಮುನ್ಸೂಚನಾ ಪಟ್ಟಿಯಲ್ಲಿ ಅದೇ ಬದಲಾವಣೆ 2.02 ರಿಂದ 2.21 ಕ್ಕೆ ಮಾತ್ರ. ಬದಿಗಳು ಹೆಚ್ಚುಕಡಿಮೆ ಸಮಾನಾಂತರವಾಗಿರುತ್ತವೆ.

ಮುನ್ಸೂಚನಾ ಅಂತರ ಅಗಲವಾಗಿದೆ ಎಂದ ಮಾತ್ರಕ್ಕೆ ಹೆಚ್ಚು ಸುರಕ್ಷಿತವಲ್ಲ. ಹೊಲಗಳ ಸಂಖ್ಯೆ ಹೆಚ್ಚಿದ್ದರೆ ವಿಶ್ವಾಸ ಅಂತರ ಉಳಿಕೆಗಳ ಓರೆಕೋರೆಯನ್ನು ಒಂದಷ್ಟು ತಾಳಿಕೊಳ್ಳುತ್ತದೆ, ಸರಾಸರಿಯಲ್ಲಿ ಅವು ಮಟ್ಟವಾಗುತ್ತವೆ. ಒಂದೇ ಹೊಲದ ಮುನ್ಸೂಚನೆಯಲ್ಲಿ ಆ ಆಸರೆ ಇಲ್ಲ. ಉಳಿಕೆಗಳು ಗಂಟೆಯಾಕಾರದ ಹಂಚಿಕೆಯಲ್ಲಿ ಇಲ್ಲದಿದ್ದರೆ 95 ಎಂಬ ಮಾತು ಎಷ್ಟು ಹೊಲ ಅಳೆದರೂ ಸುಳ್ಳಾಗುತ್ತದೆ. ಮಳೆ ಹೆಚ್ಚಿದಂತೆ ಹೊಲಗಳ ಏರಿಳಿತವೂ ಹೆಚ್ಚುವಂತಿದ್ದರೆ ಒಂದೇ 0.695 ಎಲ್ಲೆಡೆಗೂ ಹೊಂದುವುದಿಲ್ಲ: ಕಡಿಮೆ ಮಳೆಯ ಕಡೆ ಅಂತರ ಬೇಕಾದ್ದಕ್ಕಿಂತ ಅಗಲವಾಗಿಯೂ ಹೆಚ್ಚು ಮಳೆಯ ಕಡೆ ಕಿರಿದಾಗಿಯೂ ಬರುತ್ತದೆ. ಉಳಿಕೆಗಳನ್ನು ಮಳೆಯ ಎದುರು ಚುಕ್ಕೆ ಹಾಕಿ ನೋಡಿದಾಗ ಅವು ಬಲಕ್ಕೆ ಹೋದಂತೆ ಹರಡಿಕೊಂಡಿದ್ದರೆ, ಇಳುವರಿಯ ಲಾಗರಿದಮ್ ತೆಗೆದುಕೊಂಡು ಮೊದಲ ಹಂತದಿಂದ ಲೆಕ್ಕ ಹಾಕಿ, ಕೊನೆಯಲ್ಲಿ ಅಂತರದ ಎರಡು ತುದಿಗಳನ್ನು ಕ್ವಿಂಟಲಿಗೆ ಮರಳಿಸಬಹುದು.