ಎಸಿಗೋ, ಡಿಸಿಗೋ? ಮೇಲ್ಮನವಿ ಬರೆಯುವ ಮುಂಚೆ ಎಂ.ಆರ್. ನೋಡಿ

ಅಪ್ಪ ತೀರಿಕೊಂಡ ಮೇಲೆ ಹೊಲದ ಪಹಣಿ ಅಣ್ಣನೊಬ್ಬನ ಹೆಸರಿಗೇ ಆಗಿದೆ, ತಂಗಿಯ ಹೆಸರು ಬಿಟ್ಟುಹೋಗಿದೆ ಅಂದುಕೊಳ್ಳಿ. ಊರು ಚಿತ್ತಾಪುರ ತಾಲ್ಲೂಕಿನದು. ದೊಡ್ಡ ಸಾಹೇಬರು ಕೇಳುತ್ತಾರೆಂದು ತಂಗಿ ನೇರ ಕಲಬುರಗಿಯ ಜಿಲ್ಲಾಧಿಕಾರಿಗೆ ಬರೆದರೆ, 'ನಮ್ಮ ವ್ಯಾಪ್ತಿಗೆ ಬರುವುದಿಲ್ಲ' ಎಂದು ಅರ್ಜಿ ವಾಪಸ್ ಬರಬಹುದು. ಅಷ್ಟರಲ್ಲಿ ಮೇಲ್ಮನವಿಯ ದಿನಗಳು ಕಳೆದುಹೋಗುತ್ತವೆ. ನಿಜವಾದ ನಷ್ಟ ಅದೇ.

ಮೊದಲು ಪಹಣಿ ತೆಗೆಸಿ. ಹೆಸರಿನ ಪಕ್ಕದಲ್ಲೇ ಎಂ.ಆರ್. ನಂಬರ್, ಅಂದರೆ ಹೆಸರು ಬದಲಾವಣೆ ದಾಖಲಾಗುವ ಮ್ಯುಟೇಷನ್ ರಿಜಿಸ್ಟರಿನ ನಂಬರ್ ಇರುತ್ತದೆ. ಆ ನಂಬರ್ ಕೊಟ್ಟು ಮ್ಯುಟೇಷನ್ ಪ್ರತಿ ಪಡೆಯಿರಿ. ಅದರಲ್ಲಿ ಎರಡು ವಿಷಯ ನೋಡಿ: ಯಾರು ಸಹಿ ಮಾಡಿದ್ದಾರೆ, ಯಾವ ತಾರೀಖು. ಯಾವ ಕಚೇರಿಗೆ ಹೋಗಬೇಕೆಂಬುದು ಇಲ್ಲೇ ಗೊತ್ತಾಗುತ್ತದೆ.

ಮ್ಯುಟೇಷನ್ ಇನ್ನೂ ಅಂಗೀಕಾರ ಆಗಿಲ್ಲವೇ? ಹಾಗಿದ್ದರೆ ಮೇಲ್ಮನವಿ ಬೇಡ. ತಹಶೀಲ್ದಾರ್ ಕಚೇರಿಗೆ ಲಿಖಿತ ತಕರಾರು ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಅಂಗೀಕಾರ ಆಗಿದ್ದರೆ ಮತ್ತೆ ತಹಶೀಲ್ದಾರರನ್ನೇ ಕೇಳಿ ಉಪಯೋಗ ಇಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964ರ ಕಲಂ 136(2)ರಂತೆ ಉಪವಿಭಾಗಾಧಿಕಾರಿಗೆ, ಅಂದರೆ ಸಹಾಯಕ ಆಯುಕ್ತರಾದ ಎಸಿಗೆ, 60 ದಿನದೊಳಗೆ ಮೇಲ್ಮನವಿ ಹಾಕಬೇಕು. ಆದೇಶ ತಲುಪಿದ ದಿನದಿಂದ ಅಥವಾ ದಾಖಲಾತಿ ವಿಷಯ ತಿಳಿದ ದಿನದಿಂದ ಲೆಕ್ಕ. ಹಾಗಾಗಿ ನಿಮಗೆ ಯಾವಾಗ, ಹೇಗೆ ತಿಳಿಯಿತು ಎಂಬುದನ್ನು ಅರ್ಜಿಯಲ್ಲಿ ಬರೆಯಿರಿ. ದಿನ ಮೀರಿದ್ದರೆ ಕಾರಣ ಹೇಳಿ ವಿಳಂಬ ಮನ್ನಾ ಅರ್ಜಿ ಜೊತೆಗಿಡಿ.

ಈಗ ಯಾವ ಎಸಿ ಎಂಬ ಪ್ರಶ್ನೆ. ಜಾಸ್ತಿ ಜನ ಎಡವುವುದು ಇಲ್ಲೇ. ಕಲಬುರಗಿ ಜಿಲ್ಲೆಯಲ್ಲಿ ಎರಡು ಉಪವಿಭಾಗ ಇವೆ: ಕಲಬುರಗಿ ಮತ್ತು ಸೇಡಂ. ಚಿತ್ತಾಪುರದವರಿಗೆ ಕಲಬುರಗಿ ರೂಢಿಯ ಊರು, ಆದರೆ ತಾಲ್ಲೂಕು ಸೇಡಂ ಉಪವಿಭಾಗಕ್ಕೆ ಸೇರಿದೆ. ಆಳಂದ, ಅಫಜಲಪುರದವರು ಕಲಬುರಗಿ ಎಸಿಗೇ ಹೋಗಬೇಕು. ಬೀದರ್ ಜಿಲ್ಲೆಯಲ್ಲೂ ಬೀದರ್, ಬಸವಕಲ್ಯಾಣ ಎಂದು ಎರಡಿವೆ. ಇಲ್ಲಿ ನೀವು ವಾಸವಿರುವ ಊರು ಲೆಕ್ಕಕ್ಕಿಲ್ಲ, ಹೊಲ ಎಲ್ಲಿದೆ ಎಂಬುದೇ ಮುಖ್ಯ. ತಂಗಿ ಮದುವೆಯಾಗಿ ಆಳಂದದಲ್ಲಿದ್ದರೂ ಅರ್ಜಿ ಸೇಡಂಗೇ ಹೋಗಬೇಕು.

ಹಾಗಾಗಿ ವಿಳಾಸ ಹೀಗಿರಲಿ: 'ಮಾನ್ಯ ಸಹಾಯಕ ಆಯುಕ್ತರು, ಸೇಡಂ ಉಪವಿಭಾಗ.' ವಿಷಯದ ಸಾಲಿನಲ್ಲಿ ಎಂ.ಆರ್. ನಂಬರ್, ತಾರೀಖು, ಸರ್ವೆ ನಂಬರ್, ಗ್ರಾಮ, ಕಲಂ 136(2) ಬರಲಿ. ಮ್ಯುಟೇಷನ್ ಪ್ರತಿ ಲಗತ್ತಿಸಿ. ಅಣ್ಣನನ್ನೂ ಎದುರುದಾರನಾಗಿ ಸೇರಿಸಿ, ಅವನ ಮಾತು ಕೇಳದೆ ಆದೇಶ ಆಗುವುದಿಲ್ಲ.

ಡಿಸಿ ಬರುವುದು ಇದರ ನಂತರ. ಎಸಿ ಆದೇಶ ಸರಿ ಅನಿಸದಿದ್ದರೆ ಕಲಂ 136(3)ರಡಿ ಪುನರ್‌ಪರಿಶೀಲನೆ ಕೇಳಬಹುದು. ಆದರೆ ಅಣ್ಣ ಅಪ್ಪನ ಉಯಿಲು ತೋರಿಸಿ, ಅದೇ ಸುಳ್ಳು ಎಂದು ನೀವು ಹೇಳುತ್ತಿದ್ದರೆ, ಅದು ಹಕ್ಕಿನ ಜಗಳ. ಎಸಿ, ಡಿಸಿ ಇಬ್ಬರೂ ಅದನ್ನು ತೀರ್ಮಾನಿಸಲಾರರು, ಸಿವಿಲ್ ಕೋರ್ಟಿನಲ್ಲಿ ದಾವೆ ಹೂಡಬೇಕು.