ಬ್ರೈಟ್‌ನೆಸ್ ತಗ್ಗಿಸಿದರೆ ತಲೆನೋವು: ಮಾನಿಟರ್‌ನ ಮಿನುಗು ಪತ್ತೆ ಮಾಡಿದ ನನ್ನ ಅನುಭವ

ಮಾನಿಟರ್‌ನ ಬೆಳಕು ತಗ್ಗಿಸಿದಷ್ಟೂ ನನ್ನ ತಲೆನೋವು ಜಾಸ್ತಿಯಾಗುತ್ತಿತ್ತು. ಉಲ್ಟಾ ಅಲ್ವಾ? ಕಣ್ಣು ನೋವು ಅಂದರೆ ಎಲ್ಲರೂ ಹೇಳುವುದು ಬ್ರೈಟ್‌ನೆಸ್ ಕಡಿಮೆ ಮಾಡು ಅಂತಲೇ. ಹಗಲು ಕಿಟಕಿ ಬೆಳಕಿನಲ್ಲಿ 100ಕ್ಕೆ ಇಟ್ಟು ಕೋಡ್ ಬರೆಯುವಾಗ ಏನೂ ಆಗುತ್ತಿರಲಿಲ್ಲ. ಸಂಜೆ 20ಕ್ಕೆ ಇಳಿಸಿ ಕೂತರೆ ಗಂಟೆಯೊಳಗೆ ಹುಬ್ಬಿನ ಮೇಲೆ ಬಿಗಿತ, ಆಮೇಲೆ ತಲೆಯ ಒಂದು ಪಕ್ಕ ಸಿಡಿತ. ಕಣ್ಣು ಪರೀಕ್ಷೆ ಮಾಡಿಸಿದೆ, ಕನ್ನಡಕದ ಪವರ್ ಬದಲಾಗಿರಲಿಲ್ಲ. ಹಳೆಯ ಮಾನಿಟರ್‌ನಲ್ಲಿ ಈ ಕಾಟ ಇರಲಿಲ್ಲ, ಹೊಸದು ಬಂದ ಮೇಲೆಯೇ ಶುರು.

ಎಲ್‌ಇಡಿ ಬ್ಯಾಕ್‌ಲೈಟ್‌ನ ಬೆಳಕು ತಗ್ಗಿಸಲು ಎರಡು ದಾರಿಗಳಿವೆ. ಎಲ್‌ಇಡಿಗೆ ಹೋಗುವ ಕರೆಂಟನ್ನೇ ಕಡಿಮೆ ಮಾಡುವುದು ಒಂದು. ಇದಕ್ಕೆ ಡಿಸಿ ಡಿಮ್ಮಿಂಗ್ ಅನ್ನುತ್ತಾರೆ. ಇನ್ನೊಂದು, ಎಲ್‌ಇಡಿಯನ್ನು ಪೂರ್ತಿ ಜೋರಾಗಿಯೇ ಉರಿಸಿ, ಸೆಕೆಂಡಿಗೆ ನೂರಾರು ಸಲ ಆರಿಸಿ ಹೊತ್ತಿಸುವುದು. ಇದು ಪಲ್ಸ್ ವಿಡ್ತ್ ಮಾಡ್ಯುಲೇಶನ್, ಅಂದರೆ ಪಿಡಬ್ಲ್ಯುಎಂ. ಇದರಲ್ಲಿ ಬೆಳಕು ಎಂದೂ ಮಂದ ಆಗುವುದಿಲ್ಲ. ಉರಿಯುವ ಹೊತ್ತು ಕಡಿಮೆಯಾಗುತ್ತದೆ, ಕತ್ತಲೆಯ ಹೊತ್ತು ಹೆಚ್ಚುತ್ತದೆ, ಕಣ್ಣು ಅದರ ಸರಾಸರಿಯನ್ನು ಮಂದ ಬೆಳಕು ಅಂತ ನೋಡುತ್ತದೆ. 100ರಲ್ಲಿ ಕತ್ತಲೆಯೇ ಇಲ್ಲ. ನನ್ನ ತಲೆನೋವು ಸಂಜೆಗೆ ಮಾತ್ರ ಬರುತ್ತಿದ್ದುದರಿಂದ ಅನುಮಾನ ಇದರ ಮೇಲೆಯೇ ಹೋಯಿತು.

ಮೊದಲು ಮಾಡಿದ್ದು ಪೆನ್ಸಿಲ್ ಪರೀಕ್ಷೆ. ಪರದೆ ತುಂಬ ಬಿಳಿ ಪುಟ ತೆರೆದು, ಕೋಣೆಯ ದೀಪ ಆರಿಸಿ, ಪೆನ್ಸಿಲನ್ನು ಪರದೆ ಮುಂದೆ ಅಡ್ಡಡ್ಡಕ್ಕೆ ಜೋರಾಗಿ ಬೀಸಬೇಕು. ಬೆಳಕು ಒಂದೇ ಸಮ ಇದ್ದರೆ ಪೆನ್ಸಿಲ್ ಮಸುಕಾದ ಬೀಸಣಿಗೆಯಂತೆ ಕಾಣುತ್ತದೆ. ಬ್ರೈಟ್‌ನೆಸ್ 20ರಲ್ಲಿ ನನಗೆ ಕಂಡದ್ದು ಬಿಡಿಬಿಡಿಯಾದ ಪೆನ್ಸಿಲ್‌ಗಳ ಸಾಲು. 100ಕ್ಕೆ ಏರಿಸಿದರೆ ಸಾಲು ಮಾಯ. ದೀಪ ಆರಿಸುವುದನ್ನು ಮರೆಯಬೇಡಿ. ಚೋಕ್ ಇರುವ ಹಳೆಯ ಟ್ಯೂಬ್‌ಲೈಟ್, ಅಗ್ಗದ ಕೆಲವು ಎಲ್‌ಇಡಿ ಬಲ್ಬು ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಆಗ ತಪ್ಪು ಯಾರದು ಅಂತ ಗೊತ್ತಾಗುವುದಿಲ್ಲ.

ಮಿನುಗು ಇದೆ ಅಂತ ತಿಳಿದರೆ ಸಾಲದು, ಎಷ್ಟು ವೇಗದ್ದು ಅಂತಲೂ ಬೇಕು. ಅದಕ್ಕೆ ಫೋನ್ ಕ್ಯಾಮೆರಾ ಸಾಕಾಯಿತು. ಪರದೆ ಪೂರ್ತಿ ಕಪ್ಪು ಮಾಡಿ, ನಡುವೆ ಮೇಲಿಂದ ಕೆಳಗೆ ಒಂದು ತೆಳು ಬಿಳಿ ಗೆರೆ ಎಳೆದೆ. ಫೋನ್‌ನ ಪ್ರೊ ಮೋಡ್‌ನಲ್ಲಿ ಶಟರ್ ಸ್ಪೀಡ್ 1/20 ಸೆಕೆಂಡಿಗೆ ಇಟ್ಟು, ಫೋನನ್ನು ಎಡದಿಂದ ಬಲಕ್ಕೆ ಸರ್ರನೆ ತಿರುಗಿಸುತ್ತಾ ಫೋಟೊ ತೆಗೆದೆ. ಸರಿಯಾದ ವೇಗ ಕೈಗೆ ಹತ್ತಲು ಸ್ವಲ್ಪ ಹೊತ್ತು ಬೇಕು. ನಿಧಾನವಾದರೆ ಗೆರೆಗಳು ಅಂಟಿಕೊಳ್ಳುತ್ತವೆ, ಅವಸರವಾದರೆ ಚಿತ್ರದಿಂದ ಆಚೆ ಹೋಗುತ್ತವೆ. ಕೊನೆಗೆ ಸಿಕ್ಕ ಫೋಟೊದಲ್ಲಿ ಒಂದೇ ಗೆರೆ 12 ಗೆರೆಗಳಾಗಿ ನಿಂತಿತ್ತು. ಅಂದರೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗದಲ್ಲಿ 12 ಸಲ ಬೆಳಕು. 12 ಗುಣಿಸು 20, ಸುಮಾರು 240 ಹರ್ಟ್ಸ್. ಬ್ರೈಟ್‌ನೆಸ್ 50ಕ್ಕೆ ಏರಿಸಿದಾಗ ಗೆರೆಗಳ ಲೆಕ್ಕ ಅಷ್ಟೇ, ಆದರೆ ಒಂದೊಂದೂ ದಪ್ಪ. 100ರಲ್ಲಿ ಎಲ್ಲ ಸೇರಿ ಒಂದೇ ಬಿಳಿ ಪಟ್ಟೆ. ಪಿಡಬ್ಲ್ಯುಎಂಗೆ ಇದಕ್ಕಿಂತ ಸ್ಪಷ್ಟ ಗುರುತು ಬೇಕಿಲ್ಲ.

240 ಹರ್ಟ್ಸ್ ಅಂದರೆ ಒಂದು ಸುತ್ತಿಗೆ ಸುಮಾರು 4.2 ಮಿಲಿಸೆಕೆಂಡ್. 20ರ ಬ್ರೈಟ್‌ನೆಸ್‌ನಲ್ಲಿ ಎಲ್‌ಇಡಿ ಐದರಲ್ಲಿ ಒಂದು ಪಾಲು ಉರಿಯುತ್ತದೆ ಅಂದುಕೊಂಡರೆ, ಒಂದು ಮಿಲಿಸೆಕೆಂಡ್‌ಗಿಂತ ಕಡಿಮೆ ಬೆಳಕು, ಮೂರಕ್ಕಿಂತ ಹೆಚ್ಚು ಕತ್ತಲೆ. ದಿಟ್ಟಿಸಿ ನೋಡಿದರೆ ಇದು ಯಾರಿಗೂ ಕಾಣುವುದಿಲ್ಲ. ನನ್ನ ಹೆಂಡತಿ ಅದೇ ಪರದೆ ಮುಂದೆ ಕೂತು, "ಏನೂ ಮಿನುಗ್ತಿಲ್ವಲ್ರೀ, ಸುಮ್ನೆ ನಿಮ್ಮ ಭ್ರಮೆ" ಅಂದಳು. ಅವಳಿಗೆ ತಲೆನೋವೂ ಬರಲಿಲ್ಲ.

ಆದರೆ ಓದುವಾಗ ಕಣ್ಣು ಒಂದೆಡೆ ನಿಲ್ಲುವುದಿಲ್ಲ. ಸಾಲಿನ ಮೇಲೆ ಪುಟ್ಟ ಪುಟ್ಟ ನೆಗೆತಗಳಲ್ಲಿ ಮುಂದೆ ಹೋಗುತ್ತದೆ. ಒಂದು ನೆಗೆತಕ್ಕೆ ಸುಮಾರು 30 ಮಿಲಿಸೆಕೆಂಡ್ ಹಿಡಿಯಿತು ಅನ್ನಿ, ಅಷ್ಟರಲ್ಲಿ ಬ್ಯಾಕ್‌ಲೈಟ್ ಏಳು ಸಲ ಹೊತ್ತಿ ಆರಿರುತ್ತದೆ. ನನ್ನ ಕ್ಯಾಮೆರಾದಲ್ಲಿ ಮೂಡಿದ ಗೆರೆಗಳ ಹಾಗೇ ಅಕ್ಷರಗಳ ಸಾಲು ರೆಟಿನಾದ ಮೇಲೂ ಮೂಡುತ್ತದೆ. ಕಣ್ಣಿನ ಚಲನೆಯ ಹಿಡಿತಕ್ಕೆ ಇದು ತೊಡಕಾಗಬಹುದು ಅನ್ನುವುದು ತಲೆನೋವಿಗೆ ಕೊಡುವ ಒಂದು ವಿವರಣೆ. ಪೂರ್ತಿ ಇತ್ಯರ್ಥವಾದ ವಿಷಯವಲ್ಲ. ಆದರೆ 1989ರಲ್ಲಿ ಬ್ರಿಟನ್ನಿನಲ್ಲಿ ಆರ್ನಾಲ್ಡ್ ವಿಲ್ಕಿನ್ಸ್ ಮತ್ತು ಸಂಗಡಿಗರು ಒಂದು ಆಫೀಸಿನ ಟ್ಯೂಬ್‌ಲೈಟ್‌ಗಳ ಮೇಲೆ ಅಧ್ಯಯನ ಮಾಡಿದ್ದರು. 100 ಹರ್ಟ್ಸ್‌ನಲ್ಲಿ ಮಿನುಗುವ ದೀಪಗಳ ಬದಲು ಅತಿವೇಗದ ಎಲೆಕ್ಟ್ರಾನಿಕ್ ಚೋಕ್ ಹಾಕಿದಾಗ ತಲೆನೋವು, ಕಣ್ಣಿನ ಆಯಾಸ ಅರ್ಧಕ್ಕೂ ಕಡಿಮೆಯಾಯಿತು. ಅಲ್ಲೂ ಎಲ್ಲರಿಗೂ ತೊಂದರೆ ಇರಲಿಲ್ಲ, ಕೆಲವರಿಗೆ ಮಾತ್ರ. ಮೈಗ್ರೇನ್ ಇರುವವರು ಮಿನುಗಿಗೆ ಹೆಚ್ಚು ಸೂಕ್ಷ್ಮ. ನಮ್ಮಮ್ಮನಿಗೆ ಮೈಗ್ರೇನ್ ಇದೆ, ನನಗೂ ಆಗೀಗ.

ಎಂಜಿನಿಯರ್‌ಗಳ ಸಂಸ್ಥೆಯಾದ ಐಇಇಇ ಎಲ್‌ಇಡಿ ಮಿನುಗಿನ ಬಗ್ಗೆ 2015ರಲ್ಲಿ ತಂದ 1789 ಮಾರ್ಗಸೂಚಿಯಲ್ಲಿ ಒಂದು ಸರಳ ಲೆಕ್ಕವಿದೆ. 90 ಹರ್ಟ್ಸ್ ದಾಟಿದ ಮೇಲೆ ವೇಗವನ್ನು 0.08ರಿಂದ ಗುಣಿಸಿ. ಬೆಳಕಿನ ಏರಿಳಿತ ಶೇಕಡಾ ಅಷ್ಟರೊಳಗಿದ್ದರೆ ಅಪಾಯ ಕಡಿಮೆ. 240ಕ್ಕೆ ಅದು ಶೇ. 19. ಪೂರ್ತಿ ಆರಿ ಹೊತ್ತುವ ನನ್ನ ಮಾನಿಟರ್‌ನದು ಶೇ. 100. ಇಂಥ ಪೂರ್ತಿ ಏರಿಳಿತ ಆ ಲೆಕ್ಕದಲ್ಲಿ ಪಾಸಾಗಬೇಕಾದರೆ ವೇಗ 1250 ಹರ್ಟ್ಸ್ ಆದರೂ ಬೇಕು.

ದುಡ್ಡು ಖರ್ಚಿಲ್ಲದ ಪರಿಹಾರ ಇಷ್ಟೆ: ಮಾನಿಟರ್‌ನ ಬ್ರೈಟ್‌ನೆಸ್ 100ಕ್ಕೆ ಇಟ್ಟು, ಮಂದ ಮಾಡುವುದನ್ನು ಸಾಫ್ಟ್‌ವೇರ್‌ಗೆ ಬಿಡುವುದು. ನನ್ನದು ಲಿನಕ್ಸ್, ಎಕ್ಸ್11.

```
xrandr --output HDMI-1 --brightness 0.5
```

`HDMI-1` ಜಾಗದಲ್ಲಿ ನಿಮ್ಮ ಔಟ್‌ಪುಟ್ ಹೆಸರು ಬರಬೇಕು, ಬರೀ `xrandr` ಅಂತ ಹೊಡೆದರೆ ಸಿಗುತ್ತದೆ. ಇದು ಬ್ಯಾಕ್‌ಲೈಟನ್ನು ಮುಟ್ಟುವುದಿಲ್ಲ, ಚಿತ್ರದ ಬಣ್ಣಗಳನ್ನೇ ಕಪ್ಪಾಗಿಸುತ್ತದೆ. ಹಾಗಾಗಿ ಕಾಂಟ್ರಾಸ್ಟ್ ಸಾಯುತ್ತದೆ, ಕತ್ತಲ ಕೋಣೆಯಲ್ಲಿ ಕಪ್ಪು ಬೂದು ಬಣ್ಣಕ್ಕೆ ತಿರುಗುತ್ತದೆ. ಫೋಟೊ ಎಡಿಟ್ ಮಾಡುವವರಿಗೆ ಆಗದು, ಕೋಡ್‌ಗೆ ಅಡ್ಡಿಯಿಲ್ಲ.

ಭ್ರಮೆಯ ಮಾತು ಮನಸ್ಸಿನಲ್ಲಿ ಉಳಿದಿತ್ತು. ಅದಕ್ಕೆ ಹೆಂಡತಿಗೇ ಕೆಲಸ ಒಪ್ಪಿಸಿದೆ. ಫೋನ್‌ನ ಲಕ್ಸ್ ಮೀಟರ್ ಆ್ಯಪನ್ನು ಬಿಳಿ ಪುಟಕ್ಕೆ ಹಿಡಿದು ಎರಡೂ ವಿಧಾನದಲ್ಲಿ ಬೆಳಕು ಸಮ ಬರುವಂತೆ ಮಾಡಿಕೊಂಡೆವು. ಸಂಜೆ ಯಾವುದನ್ನು ಹಾಕಬೇಕು ಅನ್ನುವುದು ಅವಳ ಇಷ್ಟ, ನನಗೆ ಹೇಳಬಾರದು. ನಾನು ರಾತ್ರಿ ತಲೆಯ ಸ್ಥಿತಿ ಬರೆದಿಡಬೇಕು. ಕಪ್ಪು ಬೂದಾಗಿ ಕಂಡು ಕೆಲವು ಸಲ ಗುಟ್ಟು ರಟ್ಟಾಯಿತು, ಹಾಗಾಗಿ ಇದನ್ನು ಪಕ್ಕಾ ಪರೀಕ್ಷೆ ಅನ್ನಲಾರೆ. ಆದರೂ ಇಬ್ಬರ ಚೀಟಿ ಪಕ್ಕಪಕ್ಕ ಇಟ್ಟಾಗ ತಲೆನೋವಿನ ಸಂಜೆಗಳು ಬಹುತೇಕ ಪಿಡಬ್ಲ್ಯುಎಂ ಸಂಜೆಗಳೇ ಆಗಿದ್ದವು. ಅವಳೂ ಆಮೇಲೆ ಭ್ರಮೆ ಅನ್ನಲಿಲ್ಲ.

ಮುಂದಿನ ಮಾನಿಟರ್ ತರುವಾಗ ಪೆನ್ಸಿಲ್ ಜೇಬಿನಲ್ಲೇ ಇತ್ತು. ಅಂಗಡಿಯ ದೀಪಗಳ ಕೆಳಗೆ ಅದು ಕೆಲಸಕ್ಕೆ ಬರಲಿಲ್ಲ, ಫೋನ್ ಬಂತು. ಶಟರ್ 1/2000ಕ್ಕೆ ಇಟ್ಟು ಬಿಳಿ ಪರದೆಗೆ ತೀರ ಹತ್ತಿರ ಹಿಡಿದರೆ, ಪಿಡಬ್ಲ್ಯುಎಂ ಇರುವ ಪರದೆಯಲ್ಲಿ ದಪ್ಪ ಕಪ್ಪು ಪಟ್ಟೆಗಳು ಕಾಣುತ್ತವೆ. ಬ್ರೈಟ್‌ನೆಸ್ 100, 50, 10 ಮೂರರಲ್ಲೂ ನೋಡಬೇಕು, ಏಕೆಂದರೆ ಕೆಲವು ಮಾನಿಟರ್‌ಗಳು ಅರ್ಧದವರೆಗೆ ಡಿಸಿ, ಅಲ್ಲಿಂದ ಕೆಳಗೆ ಪಿಡಬ್ಲ್ಯುಎಂ. ಗೇಮಿಂಗ್ ಮಾನಿಟರ್ ಆದರೆ ಮೋಶನ್ ಬ್ಲರ್ ತಗ್ಗಿಸುವ ಆಯ್ಕೆ ಆಫ್ ಇದೆಯಾ ನೋಡಿ. ಅದು ಬೇಕೆಂದೇ ಬ್ಯಾಕ್‌ಲೈಟನ್ನು ಮಿನುಗಿಸುತ್ತದೆ, ಡಬ್ಬದ ಮೇಲೆ ಫ್ಲಿಕರ್ ಫ್ರೀ ಅಂತ ಬರೆದಿದ್ದರೂ ಸರಿಯೇ.